ಅಪ್‌ಡೇಟ್: ವೈಫೈ ಇದೆ, ಇಂಟರ್ನೆಟ್ ಇಲ್ಲ. ತೊಂದರೆ ಸಿಕ್ಕಿತು

ನಾನು ಕೇಳಿದ್ದು: "ಕೊಪ್ಪಳದ ನಮ್ಮ ಮನೆಯಲ್ಲಿ ವೈಫೈ ಕನೆಕ್ಟ್ ಆಗುತ್ತೆ, ಆದ್ರೆ ಇಂಟರ್ನೆಟ್ ಇಲ್ಲ ಅಂತ ಬರುತ್ತೆ. ತೊಂದರೆ ರೂಟರ್‌ದಾ, ಕಂಪನಿದಾ?"

ಈಗ ಸರಿಹೋಗಿದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ನೀವು ಹೇಳಿದಂತೆ ಮೊದಲು ಲ್ಯಾಪ್‌ಟಾಪ್‌ನಲ್ಲಿ ಇವೆರಡನ್ನು ಕೊಟ್ಟೆ:

```
ping 192.168.1.1
ping 8.8.8.8
```

ಮೊದಲನೆಯದು ನಮ್ಮ ರೂಟರ್‌ನ ವಿಳಾಸ, ಎರಡನೆಯದು ಹೊರಗೆ ಇಂಟರ್ನೆಟ್‌ನಲ್ಲಿರುವ ಗೂಗಲ್‌ನ ವಿಳಾಸ. ಮೊದಲನೆಯದಕ್ಕೆ ಉತ್ತರ ಬಂತು, ಎರಡನೆಯದಕ್ಕೆ ಬರಲಿಲ್ಲ. ಅಂದ್ರೆ ವೈಫೈ ಸರಿಯಿದೆ. ತೊಂದರೆ ರೂಟರ್‌ನಲ್ಲಿರಬಹುದು, ಅದರಾಚೆಗೂ ಇರಬಹುದು. ಇಷ್ಟಕ್ಕೇ ಕಂಪನಿಯನ್ನು ದೂರುವಂತಿಲ್ಲ ಅಲ್ವಾ?

ತೀರ್ಮಾನ ಕೊಟ್ಟಿದ್ದು ಫೈಬರ್ ವೈರು ಬಂದು ಸೇರುವ ಡಬ್ಬಿಯ ಮೇಲಿನ LOS ದೀಪ. ಅದು ಕೆಂಪಗೆ ಮಿನುಗುತ್ತಿತ್ತು, ಪಕ್ಕದ PON ದೀಪ ಸ್ಥಿರವಾಗಿ ಉರಿಯುತ್ತಲೇ ಇರಲಿಲ್ಲ. ಫೈಬರ್‌ನಲ್ಲಿ ಬೆಳಕು ಸಾಕಷ್ಟು ಬರದಿದ್ದಾಗ ಹೀಗಾಗುತ್ತದೆ. ಆಗ ಸುಮ್ನೆ ರೀಸೆಟ್ ಒತ್ತಬೇಡಿ. ಲಾಗಿನ್ ಸೆಟ್ಟಿಂಗ್ ಅಳಿಸಿಹೋದರೆ ಇನ್ನೊಂದು ತಲೆನೋವು. ಮನೆಯೊಳಗಿನ ಫೈಬರ್ ವೈರು ಬೀರುವಿನ ಹಿಂದೆ ಮಡಚಿದ್ದರೂ ಇದೇ ದೀಪ ಬರುತ್ತದೆ, ಹಾಗಾಗಿ ಮೊದಲು ಆ ವೈರು ನೋಡಿಯೇ ಕಂಪನಿಗೆ ದೂರು ಕೊಟ್ಟೆ.

ಬಂದ ಹುಡುಗ ಬೆಳಕಿನ ಬಲ ಅಳೆಯುವ ಮೀಟರ್ ಹಚ್ಚಿದಾಗ -33 dBm ತೋರಿಸಿತು. ಸಾಮಾನ್ಯವಾಗಿ -27ಕ್ಕಿಂತ ಕೆಳಗಿಳಿದರೆ ಲೈನ್ ಸರಿಯಾಗಿ ಕೆಲಸ ಮಾಡುವುದಿಲ್ಲವಂತೆ. ಕಂಬದ ಹತ್ತಿರ ವೈರು ತಗಡಿಗೆ ಉಜ್ಜಿ ಒಳಗೆ ಸೀಳಿತ್ತು. ಹೊಸದಾಗಿ ಜೋಡಿಸಿದ ಮೇಲೆ -21 ಬಂತು, ಕೆಂಪು ದೀಪ ಆರಿತು. ರೂಟರ್ ಹಳೆಯದೇ ಇದೆ.