ಆರ್‌ಒಇ 24, ಸಾಲದ ಅನುಪಾತ 0.5: ಈ ಷೇರು ಕೊಳ್ಳಬಹುದೇ?

ಪ್ರಶ್ನೆ (ಶಿಕ್ಷಕಿ, ದಾವಣಗೆರೆ): ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಕಂಪನಿಯೊಂದರ ಷೇರಿನ ಮೇಲೆ ಕಣ್ಣಿಟ್ಟಿದ್ದೇನೆ. ಮೊಬೈಲ್ ಆ್ಯಪ್‌ನಲ್ಲಿ ಆರ್‌ಒಇ ಎಂಬ ಸ್ವಂತ ಬಂಡವಾಳದ ಮೇಲಿನ ಲಾಭದ ಪ್ರಮಾಣ 24%, ಸಾಲ–ಬಂಡವಾಳ ಅನುಪಾತ 0.5 ಎಂದಿದೆ. ಫ್ರೀ ಕ್ಯಾಶ್ ಫ್ಲೋ, ಅಂದರೆ ವ್ಯವಹಾರದ ನಗದಿನಲ್ಲಿ ಯಂತ್ರ, ಕಟ್ಟಡದ ಖರ್ಚು ಕಳೆದು ಉಳಿಯುವ ಹಣ, ಇರಬೇಕಾದ ಜಾಗ ಖಾಲಿ. ಇನ್ನೊಂದು ಆ್ಯಪ್ ಆರ್‌ಒಇ 21% ಎನ್ನುತ್ತಿದೆ. ಎರಡೂ ಒಳ್ಳೆಯ ಅಂಕಿಗಳೇ ಎಂದು ನನ್ನ ಸಹೋದ್ಯೋಗಿ ಹೇಳುತ್ತಾರೆ. ಇಷ್ಟನ್ನೇ ನಂಬಿ ಕೊಳ್ಳಬಹುದೇ?

ಲೆಕ್ಕ ಪರಿಶೋಧಕರು, ಮೈಸೂರು: ಕೊಳ್ಳಿ ಅಥವಾ ಬಿಡಿ ಎಂದು ನಾನು ಹೇಳುವುದಿಲ್ಲ ಮೇಡಂ, ಅದು ಸೆಬಿ ನೋಂದಣಿ ಪಡೆದ ಸಲಹೆಗಾರರ ಕೆಲಸ. ಅಂಕಿಗಳನ್ನು ಹೇಗೆ ಓದಬೇಕೆಂಬುದನ್ನಷ್ಟೇ ಹೇಳುತ್ತೇನೆ.

ಎರಡು ಆ್ಯಪ್‌ಗಳ ಜಗಳ ಬಹುಶಃ ದೊಡ್ಡದಲ್ಲ. ಒಂದು ಆ್ಯಪ್ ವರ್ಷದ ಮೊದಲ ಮತ್ತು ಕೊನೆಯ ದಿನದ ಸ್ವಂತ ಬಂಡವಾಳದ ಸರಾಸರಿಯಿಂದ ಲಾಭವನ್ನು ಭಾಗಿಸಿರುತ್ತದೆ, ಇನ್ನೊಂದು ಮಾರ್ಚ್ 31ರ ಅಂಕಿಯಿಂದ. ಸಾಲದ ಅನುಪಾತವನ್ನು ಮಾತ್ರ ಆ್ಯಪ್‌ನಿಂದ ತೆಗೆದುಕೊಳ್ಳಬೇಡಿ. ಕೆಲವು ಆ್ಯಪ್‌ಗಳು ದೀರ್ಘಾವಧಿ ಸಾಲವನ್ನಷ್ಟೇ ಲೆಕ್ಕ ಹಿಡಿಯುತ್ತವೆ. ಬ್ಯಾಂಕಿನ ಕ್ಯಾಶ್ ಕ್ರೆಡಿಟ್‌ನಂತಹ ಅಲ್ಪಾವಧಿ ಸಾಲ ಹೊರಗುಳಿಯುತ್ತದೆ. ಸಣ್ಣ ಕಾರ್ಖಾನೆಗಳ ನಿಜವಾದ ಭಾರ ಇರುವುದೇ ಅಲ್ಲಿ.

ಬಿಎಸ್‌ಇ ಜಾಲತಾಣದಿಂದ ಕಂಪನಿಯ ವಾರ್ಷಿಕ ವರದಿಯನ್ನು ಇಳಿಸಿಕೊಳ್ಳಿ. ಪ್ರತ್ಯೇಕ ಲೆಕ್ಕವನ್ನು ಬಿಟ್ಟು, ಅಂಗಸಂಸ್ಥೆಗಳನ್ನೂ ಸೇರಿಸಿದ ಕ್ರೋಡೀಕೃತ ಲೆಕ್ಕವನ್ನು ತೆರೆಯಿರಿ. ನಿವ್ವಳ ಲಾಭ, ಇತರ ಆದಾಯ, ಬಡ್ಡಿ ವೆಚ್ಚ, ಎರಡೂ ಬಗೆಯ ಸಾಲ, ಎರಡು ವರ್ಷಗಳ ಗ್ರಾಹಕರ ಬಾಕಿ, ನಗದು ಹರಿವಿನ ಪಟ್ಟಿ, ಇವಿಷ್ಟನ್ನು ಇಲ್ಲಿ ಹಾಕಿ.

ಹೂಡಿಕೆದಾರ, ಬೆಳಗಾವಿ: ಇಷ್ಟೆಲ್ಲ ಬೇಕೇ ಸರ್? ಫ್ರೀ ಕ್ಯಾಶ್ ಫ್ಲೋ ಒಂದೇ ಸಾಕು. ಅದು ಋಣಾತ್ಮಕವಾಗಿದ್ದರೆ ನಾನು ಆ ಕಂಪನಿಯತ್ತ ತಿರುಗಿಯೂ ನೋಡುವುದಿಲ್ಲ. ಲಾಭವನ್ನು ಕಾಗದದ ಮೇಲೆ ಹೇಗೆ ಬೇಕಾದರೂ ತೋರಿಸಬಹುದು, ನಗದು ಸುಳ್ಳು ಹೇಳುವುದಿಲ್ಲ.

ಲೆಕ್ಕ ಪರಿಶೋಧಕರು, ಮೈಸೂರು: ಮೊದಲ ಮಾತನ್ನು ಅರ್ಧ ಒಪ್ಪುತ್ತೇನೆ. ಹೊಸ ಘಟಕ ಕಟ್ಟುವ ವರ್ಷ ಒಳ್ಳೆಯ ಕಂಪನಿಯದೂ ಋಣಾತ್ಮಕವಾಗುತ್ತದೆ. ಒಂದೇ ವರ್ಷ ನೋಡಿ ತಳ್ಳಿದರೆ ಬೆಳೆಯುವ ಕಂಪನಿಗಳೆಲ್ಲ ಕೈತಪ್ಪುತ್ತವೆ. ಐದು ವರ್ಷಗಳದನ್ನು ಕೂಡಿಸಿ ನೋಡಬೇಕು.

ಎರಡನೆಯ ಮಾತನ್ನು ಒಪ್ಪಲಾರೆ. ಸತ್ಯಂ ಕಂಪ್ಯೂಟರ್ಸ್ ನೆನಪಿದೆಯೇ? 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಪತ್ರ ಬರೆದು, ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. 1,230 ಕೋಟಿಯ ಹೊಣೆಗಾರಿಕೆಯೂ ಲೆಕ್ಕದಿಂದ ಹೊರಗಿತ್ತು. ಅಂದರೆ ಅಲ್ಲಿ ನಗದೂ ಸುಳ್ಳು, ಸಾಲವೂ ಸುಳ್ಳು. ನಾವು ಮಾತನಾಡುತ್ತಿರುವ ಮೂರು ಅಳತೆಗಳೂ ಲೆಕ್ಕಪತ್ರ ಪ್ರಾಮಾಣಿಕವಾಗಿದೆ ಎಂಬ ನಂಬಿಕೆಯ ಮೇಲೆ ನಿಂತಿವೆ.

ನಿವೃತ್ತ ನೌಕರ, ಶಿವಮೊಗ್ಗ: ನನ್ನದೂ ಇದೇ ಚಿಂತೆ. ನನ್ನ ಬಳಿ ಒಂದು ಬ್ಯಾಂಕಿನ ಷೇರು ಇದೆ. ಒಂದು ಜಾಲತಾಣದಲ್ಲಿ ಅದರ ಸಾಲದ ಅನುಪಾತ 9ಕ್ಕಿಂತ ಹೆಚ್ಚು ತೋರಿಸುತ್ತಿದೆ. ಗಾಬರಿಯಾಗಿದೆ. ನಾಳೆಯೇ ಮಾರಿಬಿಡಲೇ?

ಲೆಕ್ಕ ಪರಿಶೋಧಕರು, ಮೈಸೂರು: ಯಜಮಾನರೇ, ಆ ಒಂದು ಅಂಕಿಗಾಗಿ ಮಾರಬೇಡಿ. ಠೇವಣಿಯೂ ಬ್ಯಾಂಕಿನ ಪಾಲಿಗೆ ಸಾಲವೇ. ಜನರ ಹಣ ಪಡೆದು ಸಾಲ ಕೊಡುವುದೇ ಅದರ ವ್ಯಾಪಾರ. ಬ್ಯಾಂಕಿಗೆ ಈ ಅನುಪಾತವೂ ಸಲ್ಲದು, ಫ್ರೀ ಕ್ಯಾಶ್ ಫ್ಲೋ ಕೂಡ ಸಲ್ಲದು. ಅಲ್ಲಿ ವಸೂಲಾಗದ ಸಾಲ ಎಷ್ಟು, ಬಂಡವಾಳ ಪರ್ಯಾಪ್ತತೆ, ಅಂದರೆ ಕೊಟ್ಟ ಸಾಲದ ಅಪಾಯಕ್ಕೆ ಎದುರಾಗಿ ಇರುವ ಬಂಡವಾಳ ಎಷ್ಟು ಎಂದು ನೋಡಬೇಕು. ಬೇರೆ ಪ್ರಶ್ನೆಯಾಗಿ ಹಾಕಿ, ವಿವರವಾಗಿ ಬರೆಯುತ್ತೇನೆ.

ಶಿಕ್ಷಕಿ, ದಾವಣಗೆರೆ: ಎರಡು ಸಂಜೆ ಹಿಡಿಯಿತು ಸರ್. ಎಲ್ಲವೂ ಕೋಟಿ ರೂಪಾಯಿಗಳಲ್ಲಿ. ನಿವ್ವಳ ಲಾಭ 48. ಸ್ವಂತ ಬಂಡವಾಳ ವರ್ಷದ ಆರಂಭದಲ್ಲಿ 176, ಕೊನೆಯಲ್ಲಿ 224. ದೀರ್ಘಾವಧಿ ಸಾಲ 112, ಅಲ್ಪಾವಧಿ ಸಾಲ 134. ಬಡ್ಡಿ ವೆಚ್ಚ 27. ಇತರ ಆದಾಯದಲ್ಲಿ ಜಮೀನು ಮಾರಿದ ಲಾಭ 16. ಮಾರಾಟ 480ರಿಂದ 540ಕ್ಕೆ ಏರಿದೆ. ಗ್ರಾಹಕರ ಬಾಕಿ 95 ಇದ್ದದ್ದು 141 ಆಗಿದೆ. ವ್ಯವಹಾರದಿಂದ ಬಂದ ನಗದು 22, ಯಂತ್ರ ಮತ್ತು ಕಟ್ಟಡಕ್ಕೆ ಹೋದದ್ದು 31. ಸವಕಳಿ 18.

ಲೆಕ್ಕ ಪರಿಶೋಧಕರು, ಮೈಸೂರು: ಚೆನ್ನಾಗಿ ಹೆಕ್ಕಿದ್ದೀರಿ. ಸಾಲದಿಂದ ಶುರು ಮಾಡೋಣ. ಎರಡೂ ಸೇರಿದರೆ 246. ಅದನ್ನು 224ರಿಂದ ಭಾಗಿಸಿದರೆ ಅನುಪಾತ 1.1. ನಿಮ್ಮ ಆ್ಯಪ್ ಹೇಳಿದ 0.5 ಬರೀ 112ರ ಲೆಕ್ಕ. ಇದನ್ನು ಹಿಡಿಯಲು ಸುಲಭದ ಒಂದು ದಾರಿ ಬಡ್ಡಿ ವೆಚ್ಚ. 112 ಕೋಟಿ ಸಾಲಕ್ಕೆ 27 ಕೋಟಿ ಬಡ್ಡಿ ಎಂದರೆ 24% ದರವಾಯಿತು, ಯಾವ ಬ್ಯಾಂಕೂ ಅಷ್ಟು ಕೇಳುವುದಿಲ್ಲ. 246ಕ್ಕೆ 27 ಎಂದರೆ 11%, ಅದು ನಂಬುವಂಥದ್ದು. ಕೆಲವು ಕಂಪನಿಗಳು ಮಾರ್ಚ್ ಕೊನೆಯಲ್ಲಿ ಸಾಲ ತೀರಿಸಿ ಏಪ್ರಿಲ್‌ನಲ್ಲಿ ಮತ್ತೆ ತೆಗೆಯುತ್ತವೆ. ಅಂಥವರನ್ನೂ ಬಡ್ಡಿ ವೆಚ್ಚದ ಅಂಕಿಯೇ ಹಿಡಿದುಕೊಡುತ್ತದೆ.

ಈಗ ಆರ್‌ಒಇ. ಸರಾಸರಿ ಬಂಡವಾಳ 200, ಲಾಭ 48, ಹಾಗಾಗಿ 24%. ಆದರೆ ಜಮೀನು ಪ್ರತಿ ವರ್ಷ ಮಾರಲು ಸಿಗುವುದಿಲ್ಲ. ಆ 16 ಕೋಟಿಗೆ ಸುಮಾರು 3 ಕೋಟಿ ತೆರಿಗೆ ಹೋಗಿದೆ ಎಂದು ಹಿಡಿದರೆ ಕಾರ್ಖಾನೆ ದುಡಿದ ಲಾಭ 35, ಆರ್‌ಒಇ ಸುಮಾರು 17.5%. ಅದರಲ್ಲೂ ಸಾಲದ ಕೈವಾಡ ಇದೆ. ಸ್ವಂತ ಒಂದು ರೂಪಾಯಿಗೆ ಒಂದು ರೂಪಾಯಿ ಹತ್ತು ಪೈಸೆ ಸಾಲ ಸೇರಿಸಿ ದುಡಿದ ಗಳಿಕೆ ಅದು. ಸಾಲವೇ ಇಲ್ಲದ ಕಂಪನಿಯ 17% ಮತ್ತು ಇದರ 17% ಒಂದೇ ತೂಕದವಲ್ಲ.

ನನಗೆ ಹೆಚ್ಚು ಇರುಸುಮುರುಸಾದದ್ದು ಬಾಕಿ. ಮಾರಾಟ 12.5% ಏರಿದರೆ ಬಾಕಿ 48% ಏರಿದೆ. ಮೊದಲು 72 ದಿನಗಳ ಮಾರಾಟದಷ್ಟು ಹಣ ಗ್ರಾಹಕರ ಬಳಿ ಇತ್ತು, ಈಗ 95 ದಿನಗಳಷ್ಟು. ಲಾಭ 48 ಇದ್ದೂ ನಗದು 22 ಮಾತ್ರ ಬರಲು ದೊಡ್ಡ ಕಾರಣ ಇದು. ಜಮೀನಿನ ಲಾಭವೂ ಆ 22ರಲ್ಲಿ ಇಲ್ಲ, ಅದು ಹೂಡಿಕೆ ಚಟುವಟಿಕೆಯ ಭಾಗದಲ್ಲಿ ಬರುತ್ತದೆ.

22ರಲ್ಲಿ 31 ಕಳೆದರೆ −9. ಇಲ್ಲಿಗೇ ನಿಲ್ಲಿಸಬೇಡಿ. ನಮ್ಮ ದೇಶದ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 7ರಂತೆ ಹಣಕಾಸು ಸಂಸ್ಥೆಗಳಲ್ಲದ ಕಂಪನಿಗಳು ಕಟ್ಟಿದ ಬಡ್ಡಿಯನ್ನು ಹಣಕಾಸು ಚಟುವಟಿಕೆಯ ಅಡಿಯಲ್ಲಿ ತೋರಿಸುತ್ತವೆ. ಅಂದರೆ ಆ 22ರಿಂದ ಬಡ್ಡಿ ಇನ್ನೂ ಕಳೆದೇ ಇಲ್ಲ. 27 ಕಳೆದರೆ −36. ಷೇರುದಾರರ ಪಾಲಿಗೆ ಉಳಿದದ್ದು ಅದು.

ಹೂಡಿಕೆದಾರ, ಬೆಳಗಾವಿ: ಬಡ್ಡಿಯನ್ನು ಕಳೆಯುವುದು ಸರಿಯಲ್ಲ ಸರ್. ಎಲ್ಲ ಜಾಲತಾಣಗಳೂ ವ್ಯವಹಾರದ ನಗದಿನಿಂದ ಯಂತ್ರದ ಖರ್ಚನ್ನಷ್ಟೇ ಕಳೆಯುತ್ತವೆ. ನೀವು ಬೇರೆ ಸೂತ್ರ ಬಳಸಿದರೆ ಒಂದು ಕಂಪನಿಯನ್ನು ಇನ್ನೊಂದರ ಜೊತೆ ಹೋಲಿಸುವುದು ಹೇಗೆ? ಅಲ್ಲದೆ ಹೊಸ ಘಟಕ ಕಟ್ಟುವ ವರ್ಷ ಹೀಗಾಗುತ್ತದೆ ಎಂದು ನೀವೇ ಹೇಳಿದಿರಲ್ಲ, ಈ 31 ಕೋಟಿಯೂ ವಿಸ್ತರಣೆಗೆ ಹೋಗಿರಬಹುದು.

ಲೆಕ್ಕ ಪರಿಶೋಧಕರು, ಮೈಸೂರು: ಸಾಲವಿಲ್ಲದ ಕಂಪನಿಗಳನ್ನು ಹೋಲಿಸುವಾಗ ನಿಮ್ಮ ಸೂತ್ರ ಸಾಕು. ಸಾಲ ಇರುವ ಕಡೆ ಬಡ್ಡಿ ಕಟ್ಟದೆ ಬಾಗಿಲು ತೆರೆದಿಡಲು ಆಗುತ್ತದೆಯೇ? ಸಾಲ ಕೊಟ್ಟವರು ಮತ್ತು ಷೇರುದಾರರು ಇಬ್ಬರಿಗೂ ಸೇರಿ ಉಳಿದದ್ದು ನಿಮ್ಮ ಅಂಕಿ, ಷೇರುದಾರರಿಗೆ ಮಾತ್ರ ಉಳಿದದ್ದು ನನ್ನದು. ಮೇಡಂ ಕೊಳ್ಳಲು ಹೊರಟಿರುವುದು ಷೇರು.

ವಿಸ್ತರಣೆಯ ಮಾತು ನ್ಯಾಯವಾದದ್ದು. ಹಳೆಯ ಯಂತ್ರಗಳನ್ನು ಇದ್ದಂತೆ ಕಾಯ್ದುಕೊಳ್ಳಲು ಸವಕಳಿಯಷ್ಟು, ಅಂದರೆ 18 ಬೇಕು ಎಂದುಕೊಳ್ಳೋಣ. ಉಳಿದ 13 ವಿಸ್ತರಣೆಗೆ. ಅದನ್ನು ಪೂರ್ತಿ ಮಾಫಿ ಮಾಡಿದರೂ 22ರಲ್ಲಿ 18, ಮತ್ತೆ 27 ಕಳೆದರೆ −23. ಬೆಳವಣಿಗೆಯ ನೆಪ ಇಲ್ಲಿ ನಿಲ್ಲುವುದಿಲ್ಲ.

ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು: ಹಾಗಾದರೆ ಸಾಲವಿಲ್ಲದೆ ಆರ್‌ಒಇ ಏರಿದರೆ ಕಣ್ಣು ಮುಚ್ಚಿ ನಂಬಬಹುದೇ?

ಲೆಕ್ಕ ಪರಿಶೋಧಕರು, ಮೈಸೂರು: ಕಣ್ಣು ತೆರೆದೇ ನೋಡಿ. ನಿಮ್ಮ ಊರಿನ ಇನ್ಫೊಸಿಸ್ 2017ರಲ್ಲಿ ಷೇರಿಗೆ 1,150 ರೂಪಾಯಿಯಂತೆ 13,000 ಕೋಟಿಯ ಷೇರುಗಳನ್ನು ಮರಳಿ ಕೊಂಡಿತು. ಅಷ್ಟು ಹಣ ಹೊರಹೋದಾಗ ಸ್ವಂತ ಬಂಡವಾಳ ಕುಗ್ಗುತ್ತದೆ, ಲಾಭ ಒಂದು ರೂಪಾಯಿ ಹೆಚ್ಚದಿದ್ದರೂ ಆರ್‌ಒಇ ಮೇಲೇರುತ್ತದೆ. ಅಲ್ಲಿ ಹಣ ಬಂದದ್ದು ಕಂಪನಿಯ ಸ್ವಂತ ನಗದಿನಿಂದ, ಹಾಗಾಗಿ ತಕರಾರಿಲ್ಲ. ಸಾಲ ಮಾಡಿ ಷೇರು ಮರಳಿ ಕೊಳ್ಳುವವರದು ಬೇರೆ ಕಥೆ.

ಶಿಕ್ಷಕಿ, ದಾವಣಗೆರೆ: ಬಾಕಿಯ ಬಗ್ಗೆ ಇನ್ನಷ್ಟು ತಿಳಿಯುವುದು ಹೇಗೆ ಸರ್? ಗ್ರಾಹಕರು ದೊಡ್ಡವರು, ಹಣ ಎಲ್ಲಿಗೂ ಹೋಗುವುದಿಲ್ಲ ಎಂದು ಅಧ್ಯಕ್ಷರ ಮಾತಿನಲ್ಲಿ ಬರೆದಿದ್ದಾರೆ.

ಲೆಕ್ಕ ಪರಿಶೋಧಕರು, ಮೈಸೂರು: ಅಧ್ಯಕ್ಷರ ಮಾತು ಹಾಗಿರಲಿ, ಹಿಂದಿನ ಪುಟಗಳ ಟಿಪ್ಪಣಿಗಳಿಗೆ ಹೋಗಿ. ಕಂಪನಿ ಕಾಯ್ದೆಯ ಮೂರನೇ ಅನುಸೂಚಿಗೆ 2021ರಲ್ಲಿ ತಿದ್ದುಪಡಿಯಾಯಿತು. ಅಂದಿನಿಂದ ಬಾಕಿ ಎಷ್ಟು ಹಳೆಯದು ಎಂಬ ಪಟ್ಟಿ ಕಡ್ಡಾಯ. ಆರು ತಿಂಗಳೊಳಗಿನದು, ಒಂದು ವರ್ಷದೊಳಗಿನದು, ಎರಡು, ಮೂರು ವರ್ಷ ದಾಟಿದ್ದು ಎಂದು ಬೇರೆಬೇರೆ ಕಾಣುತ್ತದೆ. ಅದೇ ತಿದ್ದುಪಡಿಯಿಂದ ಆರ್‌ಒಇ ಮತ್ತು ಸಾಲದ ಅನುಪಾತವನ್ನು ಕಂಪನಿಯೇ ಟಿಪ್ಪಣಿಯಲ್ಲಿ ಕೊಡಬೇಕು, ಹಿಂದಿನ ವರ್ಷಕ್ಕಿಂತ 25%ಕ್ಕೂ ಮೀರಿ ಬದಲಾಗಿದ್ದರೆ ಕಾರಣ ಬರೆಯಬೇಕು. ಆ್ಯಪ್ ನೋಡುವ ಮುಂಚೆ ಆ ಪುಟ ನೋಡಿ. ಫ್ರೀ ಕ್ಯಾಶ್ ಫ್ಲೋ ಮಾತ್ರ ಆ ಪಟ್ಟಿಯಲ್ಲಿಲ್ಲ, ಅದನ್ನು ನಾವೇ ಮಾಡಿಕೊಳ್ಳಬೇಕು.

ಶಿಕ್ಷಕಿ, ದಾವಣಗೆರೆ: ಸಿಕ್ಕಿತು. 141ರಲ್ಲಿ 38 ಕೋಟಿ ಆರು ತಿಂಗಳು ದಾಟಿದೆ. ಹಿಂದಿನ ವರ್ಷ ಅದು 11 ಇತ್ತು. ಮುಳುಗಬಹುದಾದ ಬಾಕಿಗೆಂದು ತೆಗೆದಿಟ್ಟದ್ದು 2 ಕೋಟಿ.

ಲೆಕ್ಕ ಪರಿಶೋಧಕರು, ಮೈಸೂರು: 38ಕ್ಕೆ 2 ಕೋಟಿ ತೆಗೆದಿಟ್ಟದ್ದು ನನ್ನ ಕಣ್ಣಿಗೆ ಕಡಿಮೆ. ಆದರೆ ಬಾಕಿದಾರರು ಸರ್ಕಾರಿ ಇಲಾಖೆಗಳೋ ನಿಗಮಗಳೋ ಆಗಿದ್ದರೆ ಹಣ ತಡವಾಗಿಯಾದರೂ ಬರುವುದುಂಟು. ಖಾಸಗಿಯವರಾಗಿದ್ದರೆ, ಅದರಲ್ಲೂ ಪ್ರವರ್ತಕರದೇ ಇನ್ನೊಂದು ಕಂಪನಿಯಾಗಿದ್ದರೆ, ಯೋಚಿಸಬೇಕಾದ ವಿಷಯ. ಸಂಬಂಧಿತ ಪಕ್ಷಗಳ ಜೊತೆಗಿನ ವಹಿವಾಟು ಎಂಬ ಟಿಪ್ಪಣಿ ಅದನ್ನು ಹೇಳುತ್ತದೆ.

ಹೂಡಿಕೆದಾರ, ಬೆಳಗಾವಿ: ಕೊನೆಗೆ ನಾನು ಮೊದಲೇ ಹೇಳಿದ ಜಾಗಕ್ಕೇ ಬಂದಿರಿ ಸರ್. ಫ್ರೀ ಕ್ಯಾಶ್ ಫ್ಲೋ ಋಣಾತ್ಮಕ, ಕೈಬಿಡಿ.

ಲೆಕ್ಕ ಪರಿಶೋಧಕರು, ಮೈಸೂರು: ಕೈಬಿಡಿ ಎಂದು ನಾನು ಹೇಳಿಲ್ಲ. ಈ ಬಾಕಿ ವಸೂಲಾದರೆ ಮುಂದಿನ ವರ್ಷ ವ್ಯವಹಾರದ ನಗದು ಲಾಭಕ್ಕಿಂತ ಹೆಚ್ಚಾಗಿಯೂ ಬರಬಹುದು. ಕಂಪನಿಗಳು ಸೆಪ್ಟೆಂಬರ್ 30ರ ಬ್ಯಾಲೆನ್ಸ್ ಶೀಟ್ ಮತ್ತು ಅರ್ಧ ವರ್ಷದ ನಗದು ಹರಿವನ್ನೂ ಪ್ರಕಟಿಸಬೇಕು, ನವೆಂಬರ್ ಮಧ್ಯದೊಳಗೆ ಸಿಗುತ್ತದೆ. ಅದರಲ್ಲಿ ಬಾಕಿ 141ರಿಂದ ಇಳಿದಿದೆಯೇ, ಅಲ್ಪಾವಧಿ ಸಾಲ 134ರಿಂದ ಏರಿದೆಯೇ ಎಂದು ನೋಡಿದರೆ ಸಾಕು.

ಶಿಕ್ಷಕಿ, ದಾವಣಗೆರೆ: ಅಷ್ಟರಲ್ಲಿ ಬೆಲೆ ಏರಿಬಿಟ್ಟರೆ?

ಲೆಕ್ಕ ಪರಿಶೋಧಕರು, ಮೈಸೂರು: ಏರಬಹುದು ಮೇಡಂ. ಸಂಬಂಧಿತ ಪಕ್ಷಗಳ ಟಿಪ್ಪಣಿಯಲ್ಲಿ ಏನಿದೆ ಎಂದು ನೋಡಿ ಇಲ್ಲಿ ಹಾಕಿ.