ಪದಚರ್ಚೆ: ತಂತಿಯೊಳಗೆ ಎಲೆಕ್ಟ್ರಾನ್ ಅಲೆಯುತ್ತದೆಯೋ, ಸರಿಯುತ್ತದೆಯೋ?

ವಸುಧಾ:

ಬಳಗದ ಎಲ್ಲರಿಗೂ ನಮಸ್ಕಾರ.

ಪಿಯುಸಿ ಮಟ್ಟದ ಓದುಗರಿಗಾಗಿ ವಿದ್ಯುತ್ ಪ್ರವಾಹದ ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. ‘ಡ್ರಿಫ್ಟ್ ವೆಲಾಸಿಟಿ’, ಅಂದರೆ ಪ್ರವಾಹ ಹರಿಯುವಾಗ ಎಲೆಕ್ಟ್ರಾನುಗಳು ಒಟ್ಟಾರೆ ಒಂದು ಕಡೆಗೆ ಸಾಗುವ ಸರಾಸರಿ ವೇಗ, ಎಂಬಲ್ಲಿಗೆ ಬಂದು ನಿಂತುಬಿಟ್ಟಿದೆ. ಮೊದಲ ಕರಡಿನಲ್ಲಿ ‘ಅಲೆತವೇಗ’ ಎಂದು ಬರೆದಿದ್ದೆ. ಕಿವಿಗೆ ಹಿತವಾಗಿತ್ತು, ಬದಲಿಸಬೇಕು ಅನ್ನಿಸಿರಲಿಲ್ಲ. ಕರಡು ಓದಿದ ಹುಡುಗಿಯೊಬ್ಬಳು ಕೇಳಿದಳು: “ತಂತಿ ಕಾದರೆ ಎಲೆಕ್ಟ್ರಾನುಗಳ ಅಲೆತ ಜೋರಾಗುತ್ತೆ ಅಲ್ವಾ? ಅಲೆತವೇಗ ಜಾಸ್ತಿಯಾದ್ರೆ ಪ್ರವಾಹವೂ ಜಾಸ್ತಿ ಆಗಬೇಕು. ಮತ್ತೆ ಮುಂದಿನ ಪುಟದಲ್ಲಿ ತಾಮ್ರ ಕಾದರೆ ಪ್ರವಾಹ ಕಡಿಮೆ ಆಗುತ್ತೆ ಅಂತ ಯಾಕೆ ಬರೆದಿದ್ದೀರಿ?”

ಅವಳ ತರ್ಕದಲ್ಲಿ ತಪ್ಪಿಲ್ಲ. ನಾನು ಕೊಟ್ಟ ಪದವೇ ಅವಳನ್ನು ಅಲ್ಲಿಗೆ ಕರೆದೊಯ್ದಿದೆ. ‘ತೇಲುವೇಗ’ ಎಂದರೆ ನೀರಿನ ಮೇಲಿನ ಮರದ ತುಂಡು ಕಣ್ಣಿಗೆ ಬರುತ್ತದೆ. ‘ಸರಿವೇಗ’ ಎಂದು ಬರೆದು ನೋಡಿದೆ. ಅದನ್ನು ‘ಸರಿಯಾದ ವೇಗ’ ಎಂದು ಓದುವವರೇ ಹೆಚ್ಚು. ಇಲ್ಲಿ ಯಾವ ಪದ ನಿಲ್ಲುತ್ತದೆ? ಜೊತೆಗೆ, ಲೋಹಕ್ಕೂ ಅರೆವಾಹಕಕ್ಕೂ ಬಿಸಿಯ ಪರಿಣಾಮ ಬೇರೆ ಬೇರೆ ಎಂದು ಹೇಳುವಾಗ ಅದೇ ಪದ ಎರಡೂ ಕಡೆ ಸಲ್ಲುತ್ತದೆಯೆ?

ಶಂಕರ:

ವಸುಧಾ ಅವರೆ, ‘ಅಲೆತ’ವನ್ನು ಬಿಡಬೇಡಿ. ನಾನು ಮೂವತ್ತು ವರ್ಷ ಪಾಠ ಹೇಳಿದವನು. ಎಲೆಕ್ಟ್ರಾನ್ ಒಂದು ಪರಮಾಣುವಿಗೆ ಡಿಕ್ಕಿ ಹೊಡೆದು, ಪಕ್ಕದ್ದಕ್ಕೆ ಹೊಡೆದು, ಹೀಗೆ ಅಂಕುಡೊಂಕಾಗಿ ಹೋಗುತ್ತದೆ. ಅದು ಅಲೆತವಲ್ಲದೆ ಮತ್ತೇನು? ಕಾದಾಗ ಪರಮಾಣುಗಳ ಕಂಪನ ಹೆಚ್ಚುತ್ತದೆ, ಡಿಕ್ಕಿ ಹೆಚ್ಚುತ್ತದೆ, ಅಲೆತವೇಗ ಇಳಿಯುತ್ತದೆ, ರೋಧ ಏರುತ್ತದೆ. ಅರೆವಾಹಕದಲ್ಲಿ ಇದಕ್ಕೆ ತಿರುವುಮುರುವು: ಕಾದಾಗ ಅಲೆತವೇಗ ಏರುತ್ತದೆ, ರೋಧ ಇಳಿಯುತ್ತದೆ. ಒಂದೇ ಪದ ಎರಡೂ ಕಡೆ ಚೆನ್ನಾಗಿ ಕೂರುತ್ತದೆ. ಹುಡುಗಿಗೆ ಬೇಕಿರುವುದು ವಿವರಣೆ, ಹೊಸ ಪದವಲ್ಲ.

ಗಿರೀಶ:

ನಾನು ಅಳತೆಯ ಉಪಕರಣಗಳ ಕೆಲಸದವನು. ನಮ್ಮಲ್ಲಿ ‘ಡ್ರಿಫ್ಟ್’ ಎಂದರೆ ಮೀಟರಿನ ರೀಡಿಂಗ್ ತಾನಾಗಿ ನಿಧಾನಕ್ಕೆ ಜಾರುವುದು. ಅದಕ್ಕೆ ‘ಜಾರಿಕೆ’ ಅಂತೀನಿ. ನಿಮ್ಮ ಪಾಠಕ್ಕೂ ‘ಜಾರುವೇಗ’ ಆಗಬಹುದಲ್ಲ?

ಮೊನ್ನೆಯ ಒಂದು ಉದಾಹರಣೆ. ಬಿಸಿಗೆ ತಕ್ಕಂತೆ ರೋಧ ಬದಲಾಗುವ 10 ಕಿಲೋಓಮ್‌ನ ಥರ್ಮಿಸ್ಟರ್, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸರಿಯಾಗಿ 10 ತೋರಿಸಬೇಕು. 5 ವೋಲ್ಟ್ ನೇರವಾಗಿ ಕೊಟ್ಟು ಪ್ರವಾಹ ನೋಡುತ್ತಾ ಕೂತೆ. ಕೋಣೆಯ ತಾಪ ಕದಲಿಲ್ಲ, ಆದರೆ ರೋಧ ಹತ್ತರಿಂದ ಕೆಳಗೆ ಜಾರಿ ಒಂಬತ್ತೂವರೆಯ ಹತ್ತಿರ ಬಂದು ನಿಂತಿತು. ಥರ್ಮಿಸ್ಟರ್ ಬದಲಿಸಿದೆ, ಅದೂ ಹಾಗೇ ಮಾಡಿತು. ಇದನ್ನು ಜಾರಿಕೆ ಅನ್ನದೆ ಏನನ್ನಬೇಕು?

ಮಾಲತಿ:

ಗಿರೀಶ್ ಅವರೆ, ನೀವು ಹೇಳುವ ಡ್ರಿಫ್ಟ್ ಬೇರೆಯದೇ ಮಾತು, ಅದಕ್ಕೆ ‘ಜಾರಿಕೆ’ ಸೊಗಸಾಗಿದೆ. ವಸುಧಾ ಕೇಳಿದ್ದು ತಂತಿಯೊಳಗಿನ ಎಲೆಕ್ಟ್ರಾನುಗಳ ಸರಾಸರಿ ಸಾಗಾಟವನ್ನು. ಆದರೆ ನಿಮ್ಮ ಥರ್ಮಿಸ್ಟರ್ ಈ ಚರ್ಚೆಗೆ ಬೇಕು, ಕೊನೆಗೆ ಅಲ್ಲಿಗೇ ಬರುತ್ತೇನೆ.

ಮೊದಲು ‘ಅಲೆತ’. ಈ ಪದದ ತೊಡಕು ಇಷ್ಟೆ: ಲೋಹದ ಎಲೆಕ್ಟ್ರಾನಿಗೆ ಎರಡು ಬಗೆಯ ಚಲನೆ ಇದೆ, ‘ಅಲೆತ’ ಎಂದ ಕೂಡಲೆ ಬೇಡದ ಚಲನೆ ನೆನಪಿಗೆ ಬರುತ್ತದೆ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಪ್ರವಾಹ ಹರಿಯುತ್ತಿದೆ ಎನ್ನಿ. ಪ್ರವಾಹದ ಲೆಕ್ಕ ಇದು:

I = n e A v

ಇಲ್ಲಿ I ಪ್ರವಾಹ, e ಒಂದು ಎಲೆಕ್ಟ್ರಾನಿನ ವಿದ್ಯುದಂಶ, A ತಂತಿಯ ಅಡ್ಡಕೊಯ್ತ, v ನೀವು ಕೇಳಿದ ಡ್ರಿಫ್ಟ್ ವೇಗ. n ಎಂದರೆ ಒಂದು ಘನ ಮೀಟರಿನಲ್ಲಿರುವ ಮುಕ್ತ ಎಲೆಕ್ಟ್ರಾನುಗಳು, ತಾಮ್ರದಲ್ಲಿ ಸುಮಾರು 8.5 × 10²⁸, ಪರಮಾಣುವಿಗೊಂದರಂತೆ. ಭಾಗಿಸಿದರೆ v ಸೆಕೆಂಡಿಗೆ 0.07 ಮಿಲಿಮೀಟರ್ ಚಿಲ್ಲರೆ ಬರುತ್ತದೆ. ಒಂದು ಮೀಟರ್ ದಾಟಲು ಮೂರು ಮುಕ್ಕಾಲು ಗಂಟೆ ಬೇಕು. ಅದೇ ಎಲೆಕ್ಟ್ರಾನುಗಳು ತಂತಿಯೊಳಗೆ ಎಲ್ಲ ದಿಕ್ಕಿಗೂ ಸುತ್ತಾಡುವ ಜವವೋ ಸೆಕೆಂಡಿಗೆ ಸುಮಾರು 1,600 ಕಿಲೋಮೀಟರ್! ಬ್ಯಾಟರಿ ಇರಲಿ, ಬಿಡಲಿ, ಈ ಸುತ್ತಾಟ ನಡೆದೇ ಇರುತ್ತದೆ. ಅತ್ತ ಹೋದವೆಷ್ಟೋ ಇತ್ತ ಬಂದವೂ ಅಷ್ಟೇ ಆದ್ದರಿಂದ ಅದರಿಂದ ಪ್ರವಾಹ ಹುಟ್ಟುವುದಿಲ್ಲ. ಕನ್ನಡದಲ್ಲಿ ‘ಅಲೆತ’ ಎಂದರೆ ಗುರಿಯಿಲ್ಲದ ಈ ಸುತ್ತಾಟವೇ.

ನುಸಿಯ ಹಿಂಡೊಂದು ಗಾಳಿಯಲ್ಲಿ ಗಿರಕಿ ಹೊಡೆಯುತ್ತಿರುವುದನ್ನು ನೋಡಿರುತ್ತೀರಿ. ಒಂದೊಂದು ನುಸಿಯೂ ಕಣ್ಣಿಗೆ ಸಿಗದಷ್ಟು ಚುರುಕಾಗಿ ಸುತ್ತುತ್ತದೆ. ಮೆಲ್ಲನೆ ಗಾಳಿ ಬೀಸಿದರೆ ಇಡೀ ಹಿಂಡು ಒಂದು ಕಡೆಗೆ ಮೆಲ್ಲಮೆಲ್ಲನೆ ಸರಿಯುತ್ತದೆ. ಆ ಸರಿಯುವಿಕೆ ಡ್ರಿಫ್ಟ್, ಗಿರಕಿಯಲ್ಲ. ಹಾಗಾಗಿ ಸಮಾಸ ಮಾಡದೆ ‘ಸರಿಯುವ ವೇಗ’ ಎಂದು ಬಿಡಿಸಿ ಬರೆಯಿರಿ ಎಂಬುದು ನನ್ನ ಸಲಹೆ. ಆಗ ‘ಸರಿಯಾದ’ ಎಂಬ ಗೊಂದಲವೂ ಬರುವುದಿಲ್ಲ. ಇನ್ನೊಂದು ಅನುಕೂಲ ಕನ್ನಡದ ಪಠ್ಯಗಳಲ್ಲಿ ಈಗಾಗಲೇ ಇದೆ: ದಿಕ್ಕಿರುವುದು ‘ವೇಗ’, ದಿಕ್ಕಿಲ್ಲದ್ದು ‘ಜವ’. ಸರಿಯುವುದಕ್ಕೆ ವೇಗ, ಅಲೆಯುವುದಕ್ಕೆ ಜವ ಎಂದು ಹಿಡಿದರೆ ಆ ಹುಡುಗಿಯ ಪ್ರಶ್ನೆ ಅರ್ಧ ಕರಗುತ್ತದೆ.

ಉಳಿದರ್ಧ ಬಿಸಿಯದು. ಶಂಕರ್ ಸರ್, ಕಂಪನದ ಮಾತು ನಿಮ್ಮದು ಸರಿ. ಆದರೆ ‘ಒಂದೊಂದು ಪರಮಾಣುವಿಗೂ ಡಿಕ್ಕಿ’ ಎಂಬುದನ್ನು ಪಾಠದಲ್ಲಿ ಬಿಡುವುದು ಒಳ್ಳೆಯದು. ಕೋಣೆಯ ತಾಪದಲ್ಲಿ ತಾಮ್ರದ ಎಲೆಕ್ಟ್ರಾನ್ ಸುಮಾರು ನೂರೈವತ್ತು ಪರಮಾಣುಗಳಷ್ಟು ದೂರ ಹೋಗಿ ಆಮೇಲೆ ದಿಕ್ಕು ತಪ್ಪುತ್ತದೆ. ಶುದ್ಧ ತಾಮ್ರವನ್ನು 4 ಕೆಲ್ವಿನ್‌ಗೆ ತಂಪು ಮಾಡಿದರೆ ಅದರ ರೋಧ ನೂರು ಪಟ್ಟಿಗಿಂತಲೂ ಹೆಚ್ಚು ಇಳಿಯಬಲ್ಲದು. ಪರಮಾಣುಗಳು ಅಲ್ಲೇ ಇವೆ, ಒಂದೂ ಕಡಿಮೆಯಾಗಿಲ್ಲ. ಅಡ್ಡಿಯಾಗುವುದು ಸಾಲಾಗಿ ಕೂತ ಪರಮಾಣುವಲ್ಲ, ಸಾಲು ಕೆಡಿಸುವ ಅದರ ಅದಿರಾಟ, ಜೊತೆಗೆ ಅಲ್ಲಲ್ಲಿನ ಕಲ್ಮಶ. ಆ ಹುಡುಗಿ ಅಂದುಕೊಂಡಂತೆ ಬಿಸಿಯಿಂದ ಎಲೆಕ್ಟ್ರಾನಿನ ಸುತ್ತಾಟದ ಜವವೂ ಏರುವುದಿಲ್ಲ. ಲೋಹದಲ್ಲಿ ಅದು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಕಡಿಮೆಯಾಗುವುದು ಎರಡು ಡಿಕ್ಕಿಗಳ ನಡುವಿನ ಬಿಡುವು.

ನಾನು ಒಪ್ಪದಿರುವುದು ಅರೆವಾಹಕದ ಮಾತನ್ನು. ರೋಧಶೀಲತೆಯ ಸೂತ್ರ ನೋಡಿ:

ρ = m / (n e² τ)

ಇಲ್ಲಿ τ ಎಂಬುದು ಆ ಬಿಡುವು, n ಎಂಬುದು ಮುಕ್ತ ಎಲೆಕ್ಟ್ರಾನುಗಳ ಎಣಿಕೆ, m ಎಲೆಕ್ಟ್ರಾನಿನ ರಾಶಿ. 20 ಡಿಗ್ರಿಯಿಂದ 80 ಡಿಗ್ರಿಗೆ, ಅಂದರೆ 60 ಡಿಗ್ರಿ ಕಾಯಿಸಿ ಎರಡನ್ನೂ ಹೋಲಿಸೋಣ. ತಾಮ್ರದಲ್ಲಿ n ಕದಲುವುದಿಲ್ಲ, ಪ್ರವಾಹಕ್ಕೆ ಒದಗುವ ಎಲೆಕ್ಟ್ರಾನುಗಳೆಲ್ಲ ಮೊದಲೇ ಮುಕ್ತ. τ ಇಳಿಯುತ್ತದೆ. ಡಿಗ್ರಿಗೆ 0.0039 ಪಾಲಿನಂತೆ 10 ಓಮ್ ಇದ್ದ ಸುರುಳಿ 12.3 ಓಮ್ ಆಗುತ್ತದೆ. ಅದೇ ವೋಲ್ಟೇಜಿಗೆ ಸರಿಯುವ ವೇಗ ಐದರಲ್ಲಿ ನಾಲ್ಕು ಪಾಲಿಗೆ ಬರುತ್ತದೆ.

ಶುದ್ಧ ಸಿಲಿಕಾನ್‌ನಲ್ಲೂ ಅದಿರಾಟ ಹೆಚ್ಚುತ್ತದೆ, τ ಇಳಿಯುತ್ತದೆ, ಸರಿಯುವ ವೇಗ ಅಲ್ಲೂ *ಇಳಿಯುತ್ತದೆ*. ಅದೇ 60 ಡಿಗ್ರಿಗೆ ಮೂರರಲ್ಲಿ ಎರಡು ಪಾಲಿನ ಹತ್ತಿರ ಬರುತ್ತದೆ, ತಾಮ್ರಕ್ಕಿಂತ ಹೆಚ್ಚೇ ಇಳಿಯಿತು. ಆದರೂ ರೋಧ ಕಡಿಮೆಯಾಗುವುದು n ಹುಚ್ಚುಹೊಳೆಯಂತೆ ಏರುವುದರಿಂದ. ಕೋಣೆಯ ತಾಪದಲ್ಲಿ ಶುದ್ಧ ಸಿಲಿಕಾನ್‌ನ ಐದು ಲಕ್ಷ ಕೋಟಿ ಪರಮಾಣುಗಳಿಗೆ ಒಂದು ಮುಕ್ತ ಎಲೆಕ್ಟ್ರಾನ್ ಸಿಕ್ಕೀತು. ಬಂಧದಿಂದ ಅದನ್ನು ಬಿಡಿಸಲು 1.1 ಎಲೆಕ್ಟ್ರಾನ್‌ವೋಲ್ಟ್ ಬೇಕು, ಬಿಸಿ ಕೊಡುವ ಸಾಮಾನ್ಯ ಶಕ್ತಿ ಅದರ ನಲವತ್ತನೇ ಒಂದು ಪಾಲಿನಷ್ಟೆ. ಇಂಥಲ್ಲಿ ಬಿಸಿ ಸ್ವಲ್ಪ ಏರಿದರೂ ಬಿಡುಗಡೆಯಾಗುವವುಗಳ ಎಣಿಕೆ ಬಹಳ ಏರುತ್ತದೆ. ಆಸುಪಾಸು ಒಂಬತ್ತು ಡಿಗ್ರಿಗೊಮ್ಮೆ ಇಮ್ಮಡಿ. 60 ಡಿಗ್ರಿಗೆ ಐವತ್ತು ಪಟ್ಟು ದಾಟುತ್ತದೆ. ಒಂದೊಂದೂ ನಿಧಾನವಾಯಿತು, ಆದರೆ ಹೋಗುವವು ಐವತ್ತು ಪಟ್ಟಾದವು.

ಆದ್ದರಿಂದ ‘ತಿರುವುಮುರುವು’ ಎಂಬ ಮಾತನ್ನು ಸರಿಯುವ ವೇಗಕ್ಕೆ ಅಂಟಿಸಬೇಡಿ. ಅದು ಎರಡೂ ಕಡೆ ಒಂದೇ ದಿಕ್ಕಿಗೆ ಬದಲಾಗುತ್ತದೆ.

ಶಂಕರ:

ಮಾಲತಿಯವರೆ, ಸಿಲಿಕಾನ್‌ನಲ್ಲೂ ವೇಗ ಇಳಿಯುತ್ತದೆ ಎಂಬುದನ್ನು ನಾನು ಹೀಗೆ ಯೋಚಿಸಿರಲಿಲ್ಲ, ಒಪ್ಪಿದೆ. ಇಷ್ಟು ವರ್ಷ ರೋಧ ಇಳಿಯಿತು ಎಂದಕೂಡಲೆ ವೇಗ ಏರಿತು ಎಂದೇ ಹೇಳಿಕೊಟ್ಟಿದ್ದೇನೆ. ಪದದ ಮಟ್ಟಿಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ‘ಸರಿಯುವ ವೇಗ’ ವಿವರಣೆಯಂತಿದೆ, ಪಾರಿಭಾಷಿಕದಂತಿಲ್ಲ. ‘ಡ್ರಿಫ್ಟ್ ಕರೆಂಟ್’ ಬಂದಾಗ ‘ಸರಿಯುವ ಪ್ರವಾಹ’ ಎಂದು ಬರೆದರೆ ಪ್ರವಾಹವೇ ಪಕ್ಕಕ್ಕೆ ಸರಿದಂತೆ ಕೇಳುತ್ತದೆ.

ವಸುಧಾ:

ಶಂಕರ್ ಸರ್ ಹೇಳಿದ ‘ಸರಿಯುವ ಪ್ರವಾಹ’ ನನ್ನನ್ನೂ ಕಾಡಿತು. ಅಲ್ಲಿ ‘ಸರಿತದ ಪ್ರವಾಹ’ ಎಂದು ನಾಮಪದ ಮಾಡಿಕೊಂಡರೆ ಹೇಗೆ? ಪಾಠದ ಆ ವಾಕ್ಯವನ್ನು ಈಗ ಹೀಗೆ ತಿದ್ದಿದ್ದೇನೆ: “ಕಾದ ತಾಮ್ರದಲ್ಲಿ ಎಲೆಕ್ಟ್ರಾನುಗಳ ಎಣಿಕೆ ಬದಲಾಗದು, ಅವು ಸರಿಯುವ ವೇಗ ಇಳಿಯುತ್ತದೆ. ಕಾದ ಸಿಲಿಕಾನ್‌ನಲ್ಲಿ ಸರಿಯುವ ವೇಗ ಇಳಿದರೂ ಎಣಿಕೆ ಬಹಳ ಏರುತ್ತದೆ.” ಅವಳಿಗೆ ಓದಿಸಿದೆ. ಈ ಸಲ ಅವಳು ಕೇಳಿದ್ದು ಬೇರೆ: ‘ರೋಧ’ ಎನ್ನದೆ ‘ರೋಧಶೀಲತೆ’ ಎಂದೇಕೆ ಬರೆಯಬೇಕು, ಬಿಸಿಗೆ ತಂತಿ ಹಿಗ್ಗಿದ್ದರಿಂದಲೂ ರೋಧ ಬದಲಾಗಿರಬಹುದಲ್ಲ?

ಮಾಲತಿ:

ಬಹಳ ಒಳ್ಳೆಯ ಪ್ರಶ್ನೆ. ಹಿಗ್ಗುತ್ತದೆ, ಆದರೆ ಡಿಗ್ರಿಗೆ ಹತ್ತು ಲಕ್ಷದಲ್ಲಿ 17 ಪಾಲು. ರೋಧ ಏರುವುದು ಹತ್ತು ಲಕ್ಷದಲ್ಲಿ 3,900 ಪಾಲು. ತಂತಿಯ ಉದ್ದ, ದಪ್ಪ ಎರಡೂ ಸೇರಿ ಈ ಏರಿಕೆಗೆ ಲೆಕ್ಕಕ್ಕೇ ಬರುವುದಿಲ್ಲ. ಬದಲಾದದ್ದು ವಸ್ತುವಿನ ಸ್ವಭಾವ, ‘-ಶೀಲತೆ’ ಹೇಳುವುದೂ ಸ್ವಭಾವವನ್ನೇ. ಅದನ್ನು ಉಳಿಸಿಕೊಳ್ಳಿ.

ಗಿರೀಶ್ ಅವರೆ, ನಿಮ್ಮ ಥರ್ಮಿಸ್ಟರ್‌ಗೆ ಬಂದೆ. 5 ವೋಲ್ಟ್, 10 ಕಿಲೋಓಮ್ ಎಂದರೆ 2.5 ಮಿಲಿವ್ಯಾಟ್. ಮಣಿಯಂಥ ಸಣ್ಣ ಥರ್ಮಿಸ್ಟರನ್ನು ಅಲುಗದ ಗಾಳಿಯಲ್ಲಿ ಒಂದೆರಡು ಮಿಲಿವ್ಯಾಟ್ ಒಂದು ಡಿಗ್ರಿಯಷ್ಟು ಕಾಯಿಸಬಲ್ಲದು. ಡಿಗ್ರಿಗೆ ಶೇಕಡಾ ನಾಲ್ಕರಂತೆ ಅದರ ರೋಧ ಇಳಿಯುತ್ತದೆ. ನಿಮ್ಮ ಅಳತೆಯೇ ಅದನ್ನು ಬಿಸಿ ಮಾಡಿತು. ವೋಲ್ಟೇಜನ್ನು ಅರ್ಧ ಮಾಡಿ ನೋಡಿ: ಶಕ್ತಿ ಕಾಲುಭಾಗವಾಗುತ್ತದೆ, ಜಾರಿಕೆಯೂ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯಬೇಕು. ಇಳಿಯದಿದ್ದರೆ ಕಾರಣ ಬೇರೆ.

ಗಿರೀಶ:

ಅರ್ಧ ಮಾಡಿದೆ. ಈಗ 9.87ರ ಹತ್ತಿರ ನಿಲ್ಲುತ್ತಿದೆ. ಥರ್ಮಿಸ್ಟರನ್ನು ಸುಮ್ಮನೆ ಬದಲಿಸಿದ ಹಾಗಾಯಿತು. ಒಂದು ಸಂದೇಹ: ಇದೂ ಸಿಲಿಕಾನ್‌ನ ಹಾಗೆಯೇ ಎಣಿಕೆ ಏರಿ ರೋಧ ಇಳಿಯುವುದೆ?

ಮಾಲತಿ:

ಇಲ್ಲ, ‘ಸರಿಯುವ’ ಪದ ನನಗೆ ಕೈಕೊಡುವುದು ಇಲ್ಲೇ. ಸಾಮಾನ್ಯ ಥರ್ಮಿಸ್ಟರ್ ಮ್ಯಾಂಗನೀಸ್, ನಿಕಲ್‌ನಂಥ ಲೋಹಗಳ ಆಕ್ಸೈಡು. ಅದರಲ್ಲಿ ಎಲೆಕ್ಟ್ರಾನ್ ಒಂದು ಅಯಾನಿನಿಂದ ಇನ್ನೊಂದಕ್ಕೆ ನೆಗೆಯುತ್ತದೆ, ಬಿಸಿ ಆ ನೆಗೆತವನ್ನು ಸುಲಭ ಮಾಡುತ್ತದೆ. ಶಂಕರ್ ಸರ್ ಸಿಲಿಕಾನ್‌ಗೆ ಹೇಳಿದ್ದು, ಕಾದರೆ ಚಲನೆಯೇ ಚುರುಕಾಗುತ್ತದೆ ಎಂಬುದು, ಇಲ್ಲಿಗೆ ಹೊಂದುತ್ತದೆ. ರಂಜಕದ ಬೆರಕೆ ಸಾಕಷ್ಟಿರುವ ಸಿಲಿಕಾನ್ ಇನ್ನೊಂದು ಬಗೆ: ಕೋಣೆಯ ತಾಪದಲ್ಲಿ ರಂಜಕ ಕೊಡುವ ಎಲೆಕ್ಟ್ರಾನುಗಳು ಹೆಚ್ಚುಕಡಿಮೆ ಎಲ್ಲ ಆಗಲೇ ಮುಕ್ತವಾಗಿರುವುದರಿಂದ, ಒಂದು ಹಂತದವರೆಗೆ ಕಾಯಿಸಿದರೆ ತಾಮ್ರದಂತೆ ಅದರ ರೋಧವೂ ಏರುತ್ತದೆ. ವಸುಧಾ ಅವರ ವಾಕ್ಯದಲ್ಲಿ ‘ಶುದ್ಧ ಸಿಲಿಕಾನ್’ ಎಂದು ಸೇರಿಸಲೇಬೇಕು.

ಶಂಕರ:

ಹಾಗಾದರೆ ಆಕ್ಸೈಡಿಗೆ ‘ನೆಗೆತದ ವೇಗ’ ಎಂದು ಬೇರೆ ಪದ ಬೇಕೆ, ‘ಸರಿಯುವ ವೇಗ’ವನ್ನೇ ಅಲ್ಲಿಗೂ ಹಿಗ್ಗಿಸಬಹುದೆ? ನೆಗೆನೆಗೆದು ಹೋದರೂ ಇಡೀ ಹಿಂಡು ಒಂದು ಕಡೆಗೆ ಸರಿದೇ ಸರಿಯುತ್ತದಲ್ಲ. ಬಲ್ಲವರು ತಿಳಿಸಬೇಕು.