ವೇಬ್ರಿಜ್ ಚೀಟಿ ತಾರೀಖು: ಎಕ್ಸೆಲ್‌ನಾಗ ಹೆಂಗ ಬರೀಬೇಕು?

ಗಂಗಾವತಿ ರೈಸ್ ಮಿಲ್ ಗುಮಾಸ್ತ: ಸರ್, ಭತ್ತದ ಲಾರಿ ಚೀಟಿ ಎಕ್ಸೆಲ್‌ಗೆ ಏರಿಸಾಕತ್ತೀನಿ. 4902ನೇ ಚೀಟಿ ಮ್ಯಾಲೆ 12/03/24 ಐತಿ. ಮಾರ್ಚ್ 12 ಏನ್ರಿ, ಡಿಸೆಂಬರ್ 3 ಏನ್ರಿ?

ಲೆಕ್ಕ ತಪಾಸಣೆಯವರು: ಒಂದ ಚೀಟಿ ನೋಡಿ ಹೇಳಾಕ ಬರಂಗಿಲ್ಲ. ಅದ ಕಾಟಾದ ಹಿಂದಿನ ಮುಂದಿನ ನಂಬರ್ ಕಳಸ್ರಿ.

ಸಿಂಧನೂರು ಗೊಬ್ಬರದ ಅಂಗಡಿ: ನಮ್ಮ ದೇಶದಾಗ ದಿನಾನ ಮೊದಲು. ಮಾರ್ಚ್ 12 ಬರದು ಮುಗಸ್ರಿ.

ಗುಮಾಸ್ತ: 4860: 11/28/24. 4950: 12/08/24. 4970: 11/12/24. 5010: 14/12/24.

ತಪಾಸಣೆಯವರು: ಈ ಪಟ್ಟಿ ಚಲೋ ಐತಿ, ಕೂತು ನೋಡೋಣ. 28ನೇ ತಿಂಗಳು ಇಲ್ಲ, ಹಂಗಾಗಿ 4860ರಾಗ ತಿಂಗಳು ಮೊದಲು. 4902 ಅದರ ನಂತರದ್ದು, ಮಾರ್ಚ್ ಆಗಾಕ ಸಾಧ್ಯ ಇಲ್ಲ, ಡಿಸೆಂಬರ್ 3. 4950 ಡಿಸೆಂಬರ್ 8. ಆದರ 4970ನ್ನ ಹಂಗ ಓದಿದ್ರ ನವೆಂಬರ್ 12 ಆಗಿ ಹಿಂದಕ್ಕ ಹೋಗ್ತದ. ಅಂದ್ರ ಅದು ಡಿಸೆಂಬರ್ 11, ದಿನ ಮೊದಲು. 5010 ಅದನ್ನ ಗಟ್ಟಿ ಮಾಡ್ತದ. 4950ಕ್ಕೂ 4970ಕ್ಕೂ ನಡುವ ಆ ಕಾಟಾದ ಕಂಪ್ಯೂಟರಿನ ತಾರೀಖಿನ ಸೆಟ್ಟಿಂಗ್ ಬದಲಾಗೇತಿ. ನಡುವಿನ ಚೀಟಿಗಳನ್ನ ಒಂದೊಂದಾಗಿ ನೋಡ್ರಿ. ನಂಬರ್ ಮತ್ತ 1ರಿಂದ ಶುರುವಾಗಿದ್ರ ಈ ದಾರಿ ನಡಿಯಂಗಿಲ್ಲ.

ಇಷ್ಟು ಗೊತ್ತಾದರೂ ಮೊದಲ ಕಾಲಂನಾಗ ಚೀಟಿಯಾಗ ಇದ್ದಂಗ 12/03/24 ಅಂತನ ಬರೀರಿ. ನಿಮ್ಮ ನಿರ್ಧಾರ ಪಕ್ಕದ ಕಾಲಂನಾಗ, ಕಾರಣದ ಸಮೇತ. ನಾಳೆ ನಿರ್ಧಾರ ತಪ್ಪಾದ್ರ ಮೊದಲಿನದು ಉಳೀಬೇಕು.

ಬರಿಯೂಕಿಂತ ಮುಂಚೆ ಆ ಮೊದಲ ಕಾಲಂ ಆರಿಸಿ Format Cells ನಾಗ Text ಮಾಡ್ರಿ. ಇಲ್ಲಾಂದ್ರ ಭಾರತದ ಸೆಟ್ಟಿಂಗ್‌ನಾಗ 12/03/24 ಸುಮ್ಮನ ಮಾರ್ಚ್ 12 ಆಗ್ತದ, 11/28/24 ಮಾತ್ರ ಅಕ್ಷರವಾಗಿ ಎಡಕ್ಕ ನಿಲ್ತದ. ಒಂದ ಕಾಲಂನಾಗ ಕೆಲವು ಬಲಕ್ಕ, ಕೆಲವು ಎಡಕ್ಕ ಕಂಡ್ರ ಕೆಟ್ಟೈತಿ ಅಂತ ತಿಳೀರಿ.

ಸಿಂಧನೂರು ಅಂಗಡಿ: ಗ್ರೂಪಿಗೆ ಬಂದ ಫಾರ್ವರ್ಡ್ ನೋಡ್ರಿ: ಎಲ್ಲಾ ಬರದ ಮ್ಯಾಲೆ Text ಮಾಡಿದ್ರ ಸರಿ ಆಗ್ತದಂತ.

ತಪಾಸಣೆಯವರು: ಮಾಡಿ ನೋಡ್ರಿ, 12/03/24 ಇದ್ದಲ್ಲಿ 45363 ಅಂತ ಬರ್ತದ, ಅದು ಎಕ್ಸೆಲ್ ಒಳಗ ಇಟ್ಕೊಂಡ ದಿನದ ಎಣಿಕಿ. ಚೀಟಿಯಾಗ ಇದ್ದದ್ದು ಆಗಲೇ ಹೋಗಿರ್ತದ. ದಯವಿಟ್ಟು ಇದನ್ನ ಮುಂದಕ್ಕ ಕಳಸಬ್ಯಾಡ್ರಿ.

ಕೊಪ್ಪಳದಿಂದ: ನನ್ನ ಗುಳಿಗಿ ಪಟ್ಟಿ ಮ್ಯಾಲೆ EXP 05/26 ಐತಿ. ಇದು ಮೇ 26 ಏನ್ರಿ?

ತಪಾಸಣೆಯವರು: ಅಲ್ಲ, 2026ರ ಮೇ ತಿಂಗಳು. ಅದರಾಗ ದಿನಾನ ಇಲ್ಲ, ನೀವು 01 ಸೇರಸಬ್ಯಾಡ್ರಿ.

ರಾಯಚೂರಿನಿಂದ: ಥರ್ಮಲ್ ಚೀಟಿ ಮಾಸಿ ಅಂಕಿ ಅರ್ಧ ಕಂಡ್ರ?

ಸಿಂಧನೂರು ಅಂಗಡಿ: ದಿನ ಮೊದಲು ಅಂದಿದ್ದು ತಪ್ಪಲ್ಲ. 4970, 5010 ಹಂಗ ಅದಾವಲ್ಲ!

ಗುಮಾಸ್ತ: ಅಣ್ಣಾ, 4902 ಹಂಗ ಇಲ್ಲಲ್ಲ. ನಿಮ್ಮ ಮಾತು ಕೇಳಿದ್ರ ಒಂಬತ್ತು ತಿಂಗಳು ಹಿಂದಕ್ಕ ಹೋಗತಿತ್ತು.

ಸಿಂಧನೂರು ಅಂಗಡಿ: ಇಪ್ಪತ್ತು ವರ್ಷ ಬಿಲ್ ಬರದೀನಿ, ನನಗ ಕಲಸಬ್ಯಾಡ.

ಗುಮಾಸ್ತ: ಸರ್, ಬ್ಯಾರೆ ಕಾಟಾದ್ದು ಒಂದ ಚೀಟಿ ಐತಿ, 04/05/24. ಅಕ್ಕಪಕ್ಕದ ನಂಬರ್ ಸಿಗವಲ್ಲವು.

ತಪಾಸಣೆಯವರು: ಎರಡನೇ ಕಾಲಂ ಖಾಲಿ ಬಿಡ್ರಿ.

ಗುಮಾಸ್ತ: ಮಾಲಕರು ತಾರೀಖು ಹಾಕು ಅಂತಾರ.

ತಪಾಸಣೆಯವರು: ಆ ಕಾಟಾಕ್ಕ ಕಳಿಸಿ ಅವರ ರಿಜಿಸ್ಟರ್ ನೋಡಸ್ರಿ. ಅಲ್ಲೀತನಕ ಖಾಲಿ.